ಕೆರೆಗೆ ನೀರು ಬರುವ ದಾರಿ

ಬೇಸಗೆ ಬಂದಿತೆಂದರೆ ಬಯಲುಸೀಮೆಯ ಒಣಗಿದ ಕೆರೆಗಳ ಅಂಗಳದಲ್ಲಿ ಈಚೆಗೆ ಒಂದು ದೃಶ್ಯ ಸಾಮಾನ್ಯವಾಗಿದೆ. ಮಣ್ಣು ಅಗೆಯುವ ಯಂತ್ರವೊಂದು ಬೆಳಗಿನಿಂದ ಸಂಜೆಯವರೆಗೆ ಗುಡುಗುಡಿಸುತ್ತಿರುತ್ತದೆ. ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಏರಿಯ ಮೇಲಿನ ಮರದ ನೆರಳಿನಲ್ಲಿ ಊರಿನ ಹಿರಿಯರು ಕುಳಿತು, ತುಂಬಿದ ಗಾಡಿಗಳನ್ನು ಎಣಿಸುತ್ತ ಸಂತೋಷಪಡುತ್ತಾರೆ. ಹೂಳು ತೆಗೆದಾಯಿತು, ಇನ್ನು ಕೆರೆ ತುಂಬುವುದೊಂದೇ ಬಾಕಿ ಎಂದು ಎಲ್ಲರೂ ನಂಬುತ್ತಾರೆ. ಮುಂಗಾರು ಬರುತ್ತದೆ, ಹೋಗುತ್ತದೆ. ಹಿಂಗಾರಿನಲ್ಲಿಯೂ ನಾಲ್ಕು ಒಳ್ಳೆಯ ಮಳೆಗಳು ಬೀಳುತ್ತವೆ. ಆದರೆ ಕೆರೆಯಲ್ಲಿ ಯಂತ್ರ ತೋಡಿದ ಗುಂಡಿಗಳಲ್ಲಿ ಅಲ್ಲಲ್ಲಿ ಕೆಂಪು ನೀರು ನಿಂತಿರುವುದನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಊರಿನವರು ಮಳೆಯನ್ನು ದೂರುತ್ತಾರೆ.

ತಪ್ಪು ಮಳೆಯದಲ್ಲ. ಕೆರೆಯೆಂದರೆ ಒಂದು ಗುಂಡಿಯೆಂದು ತಿಳಿದದ್ದೇ ತಪ್ಪು. ಪಾತ್ರೆ ಎಷ್ಟೇ ಆಳವಾಗಿದ್ದರೂ ಅದಕ್ಕೆ ನೀರು ಬಂದು ಬೀಳಬೇಕಲ್ಲವೆ? ಹಳೆಯ ಕೆರೆಯೊಂದನ್ನು ಮತ್ತೆ ಬದುಕಿಸಬೇಕೆನ್ನುವವರು ಮೊದಲು ಇಳಿಯಬೇಕಾದದ್ದು ಕೆರೆಯ ಅಂಗಳಕ್ಕಲ್ಲ. ಅದಕ್ಕೆ ನೀರು ತರುವ ಕಾಲುವೆಗಳಿಗೆ. ಹೂಳಿನ ಮಾತು ಎರಡನೆಯದು. ಈ ಕ್ರಮ ತಲೆಕೆಳಗಾದಲ್ಲೆಲ್ಲ ಹಣವೂ ಶ್ರಮವೂ ವ್ಯರ್ಥವಾಗಿವೆ.

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆಯೆಂದು ಲೆಕ್ಕ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಕಡೆಯ ನೆಲದಲ್ಲಿ ವರ್ಷವೆಲ್ಲ ಹರಿಯುವ ಹೊಳೆಗಳಿಲ್ಲ. ಅಲ್ಲಿಯ ಜನ ಇಳಿಜಾರಾದ ಪ್ರತಿಯೊಂದು ಕಣಿವೆಗೂ ಮಣ್ಣಿನ ಏರಿಯನ್ನು ಅಡ್ಡ ಹಾಕಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಒಂದರ ಕೆಳಗೊಂದು ಕೆರೆಗಳನ್ನು ಕಟ್ಟುತ್ತ ಹೋದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸದಾಗಿ ಕೆರೆ ಕಟ್ಟಲು ತಕ್ಕ ಜಾಗವನ್ನು ಹುಡುಕುವುದೇ ಕಷ್ಟವೆಂದು ಬೆರಗಾಗಿದ್ದನು. ಇಂಥ ಸರಣಿಯಲ್ಲಿ ಯಾವ ಕೆರೆಯೂ ಒಂಟಿಯಲ್ಲ. ನಡುವಿನ ಒಂದು ಕೊಂಡಿ ಕಳಚಿದರೆ ಕೆಳಗಿನ ಕೆರೆಗಳೆಲ್ಲ ಬಾಯಾರುತ್ತವೆ.

ಕೆರೆಗೆ ನೀರು ಎರಡು ಬಗೆಯಲ್ಲಿ ಬರುತ್ತದೆ. ಮೇಲಿನ ಕೆರೆಯ ಕೋಡಿಯಿಂದ ಹಳ್ಳವಾಗಿ ಬರುವುದು ಒಂದು. ಸುತ್ತಲಿನ ಗುಡ್ಡ, ಗೋಮಾಳ, ಹೊಲಗಳ ಮೇಲೆ ಬಿದ್ದ ಮಳೆ ಚಿಕ್ಕ ಚಿಕ್ಕ ಕಾಲುವೆಗಳಲ್ಲಿ ಕೂಡಿ, ಅವು ರಾಜಕಾಲುವೆಗೆ ಸೇರಿ ಕೆರೆಗೆ ಬೀಳುವುದು ಇನ್ನೊಂದು. ಕಣಿವೆಯ ತಳದಲ್ಲಿ ಹರಿಯುವ ಹಳ್ಳಕ್ಕೆ ಯಾರೂ ದಾರಿ ತೋರಿಸಬೇಕಾಗಿಲ್ಲ. ಆದರೆ ಎಷ್ಟೋ ಕೆರೆಗಳಿಗೆ ಪಕ್ಕದ ಗುಡ್ಡದ ಬುಡವನ್ನು ಸುತ್ತಿ ಬರುವ, ಜನರೇ ತೋಡಿದ ಕಾಲುವೆಗಳಿವೆ. ಇವು ಬಹಳ ಸೌಮ್ಯವಾದ ಇಳಿಜಾರಿನಲ್ಲಿ, ಕೆಲವೊಮ್ಮೆ ಒಂದೆರಡು ಮೈಲಿಗಳ ದೂರ ಹರಿದು ಬರುತ್ತವೆ. ಇಳಿಜಾರು ಕಡಿಮೆಯಾದುದರಿಂದಲೇ ಇವು ಬಹುಬೇಗ ಕೆಡುತ್ತವೆ. ಒಂದು ಕಡೆ ಮೊಣಕಾಲುದ್ದ ಮಣ್ಣು ಕುಸಿದರೆ ಸಾಕು, ನೀರು ಅಲ್ಲಿಯೇ ದಂಡೆ ಒಡೆದು ಬೇರೆ ದಾರಿ ಹಿಡಿಯುತ್ತದೆ. ಒಮ್ಮೆ ದಾರಿ ತಪ್ಪಿದ ನೀರು ಮರುವರ್ಷ ಆ ತಪ್ಪು ದಾರಿಯನ್ನೇ ಇನ್ನಷ್ಟು ಆಳ ಮಾಡಿಕೊಳ್ಳುತ್ತದೆ.

ಕಾಲುವೆ ಸಾಯುವುದು ಗದ್ದಲವಿಲ್ಲದೆ. ಪಕ್ಕದ ಹೊಲದವನು ಒಂದು ವರ್ಷ ನೇಗಿಲನ್ನು ಎರಡು ಗೆರೆಯಷ್ಟು ಒಳಕ್ಕೆ ಹಾಯಿಸುತ್ತಾನೆ. ಐದಾರು ವರ್ಷಗಳಲ್ಲಿ ಎಂಟು ಅಡಿಯ ಕಾಲುವೆ ಎರಡಡಿಯ ಚರಂಡಿಯಾಗುತ್ತದೆ. ಬಳ್ಳಾರಿ ಜಾಲಿ ಬೆಳೆದು ಅದರ ಬುಡದಲ್ಲಿ ಕಸ ಸಿಕ್ಕಿಕೊಳ್ಳುತ್ತದೆ. ರಸ್ತೆ ಮಾಡುವವರು ಕಾಲುವೆಗೆ ಅಡ್ಡವಾಗಿ ಮಣ್ಣು ಹಾಕಿ ಒಂದು ಸಣ್ಣ ಕೊಳವೆಯ ಮೋರಿಯನ್ನಿಡುತ್ತಾರೆ. ಮೋರಿಯ ತಳ ಕಾಲುವೆಯ ತಳಕ್ಕಿಂತ ಒಂದಡಿ ಎತ್ತರದಲ್ಲಿದ್ದರೂ ಯಾರೂ ಕೇಳುವುದಿಲ್ಲ. ಇವುಗಳಲ್ಲಿ ಯಾವುದೂ ಒಂದೇ ದಿನದಲ್ಲಿ ಕೆರೆಯನ್ನು ಒಣಗಿಸುವುದಿಲ್ಲ. ಆದುದರಿಂದ ಯಾವ ದಿನವೂ ಯಾರ ಮೇಲೂ ದೂರು ಬರುವುದಿಲ್ಲ.

ಕಾಲುವೆಯನ್ನು ಪುನಃ ಹುಡುಕುವ ಕೆಲಸಕ್ಕೆ ಎರಡು ಸಾಧನಗಳು ಬೇಕು: ಹಳೆಯ ಗ್ರಾಮನಕ್ಷೆ ಮತ್ತು ನಡೆಯಬಲ್ಲ ಕಾಲು. ಕಂದಾಯದ ನಕ್ಷೆಯಲ್ಲಿ ಹಳ್ಳ, ಕಾಲುವೆ, ದಾರಿಗಳನ್ನು ಗುರುತಿಸಿರುತ್ತಾರೆ. ಸಾರ್ವಜನಿಕ ಬಳಕೆಯ ಇಂಥ ನೆಲವನ್ನು ಲೆಕ್ಕದಲ್ಲಿ ಖರಾಬು ಎಂದು ಬರೆದಿರುತ್ತಾರೆ. ಅದು ಯಾರ ಸ್ವಂತದ ಆಸ್ತಿಯೂ ಅಲ್ಲ. ನಕ್ಷೆಯನ್ನು ಹಿಡಿದು ಮೋಜಣಿದಾರನೊಡನೆ, ಊರಿನ ಇಬ್ಬರು ಮುದುಕರನ್ನು ಜೊತೆಗಿಟ್ಟುಕೊಂಡು, ಕೆರೆಯ ಬಾಯಿಂದ ಹಿಡಿದು ಗುಡ್ಡದವರೆಗೆ ಒಮ್ಮೆ ನಡೆಯಬೇಕು. ನಕ್ಷೆ ಹಕ್ಕನ್ನು ತೋರಿಸುತ್ತದೆ. ಆದರೆ ನೀರು ಎಲ್ಲಿ ತಪ್ಪಿಸಿಕೊಳ್ಳುತ್ತಿದೆಯೆಂಬುದನ್ನು ಅದು ಹೇಳಲಾರದು. ಅದನ್ನು ತಿಳಿಯಲು ಎರಡನೆಯ ಬಾರಿ ನಡೆಯಬೇಕು, ಅದೂ ದೊಡ್ಡ ಮಳೆ ಸುರಿಯುತ್ತಿರುವಾಗ ಅಥವಾ ನಿಂತ ಕೂಡಲೆ. ಕೊಡೆ ಹಿಡಿದು ಆ ಒಂದು ಗಂಟೆ ನಡೆದವನಿಗೆ ತಿಳಿಯುವಷ್ಟು ಸಂಗತಿ ಕಚೇರಿಯಲ್ಲಿ ಕುಳಿತು ಒಂದು ತಿಂಗಳು ಅಳೆದರೂ ತಿಳಿಯದು. ಎಲ್ಲಿ ನೀರು ಮಡುಗಟ್ಟಿ ನಿಂತಿದೆ, ಎಲ್ಲಿ ದಂಡೆ ಹಾರಿ ಹೊಲಕ್ಕೆ ನುಗ್ಗುತ್ತಿದೆ, ಯಾವ ಮೋರಿಯ ಹಿಂದೆ ಕೆರೆಯೇ ಆಗಿಹೋಗಿದೆ ಎಂಬುದನ್ನು ನೀರೇ ತೋರಿಸುತ್ತದೆ.

ದುರಸ್ತಿ ಹೀಗೆ ನಡೆಯತಕ್ಕದ್ದು. ಮೊದಲು ಜಾಲಿಯನ್ನು ಬೇರುಸಹಿತ ಕೀಳಬೇಕು. ಕಡಿದರೆ ಸಾಲದು, ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಅನಂತರ ಕೆರೆಯ ಬಾಯಿಂದ ಆರಂಭಿಸಿ ಮೇಲಕ್ಕೆ ತೋಡುತ್ತ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ನಡುವೆ ಮಳೆ ಬಂದಾಗ ತೆರೆದ ಭಾಗದ ನೀರೆಲ್ಲ ಮುಚ್ಚಿದ ಭಾಗಕ್ಕೆ ಬಂದು ಬಡಿದು, ಯಾರದೋ ಹೊಲವನ್ನು ಕೊಚ್ಚಿಹಾಕುತ್ತದೆ. ತಳದ ಇಳಿಜಾರನ್ನು ನೀರುಮಟ್ಟದ ಕೊಳವೆಯಿಂದಲಾದರೂ ಅಳೆದು ಸರಿಮಾಡಬೇಕು. ಯಂತ್ರ ಓಡಿಸುವವನು ಕಣ್ಣಂದಾಜಿನಲ್ಲಿ ಒಂದೆಡೆ ಹೆಚ್ಚು ಆಳ ಮಾಡಿಬಿಟ್ಟರೆ ಅಲ್ಲಿ ನೀರು ನಿಂತು ಇಂಗುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ತೆಗೆದ ಮಣ್ಣನ್ನು ಗುಡ್ಡದ ಕಡೆಯ ದಂಡೆಯ ಮೇಲೆ ಎಂದೂ ಹಾಕಬಾರದು. ಮೊದಲ ಮಳೆಗೇ ಅದು ಮತ್ತೆ ಕಾಲುವೆಗೆ ಇಳಿಯುತ್ತದೆ, ಅಲ್ಲದೆ ಗುಡ್ಡದಿಂದ ಬರುವ ನೀರಿಗೆ ಗೋಡೆಯಾಗುತ್ತದೆ. ಕೆಳಗಿನ ದಂಡೆಯ ಮೇಲೆ ಹಾಕಿ ತುಳಿಸಿ ಹುಲ್ಲು ಬೆಳೆಸಿದರೆ ದಂಡೆಯೂ ಬಲವಾಗುತ್ತದೆ.

ಕಾಲುವೆ ಕೆರೆಗೆ ಬೀಳುವ ಸ್ಥಳಕ್ಕೆ ಸ್ವಲ್ಪ ಮುಂಚೆ, ಒಂದು ಅಗಲವಾದ ಗುಂಡಿಯನ್ನು ತೋಡಿ, ಅದರ ಮುಂದೆ ತಗ್ಗಾದ ಕಲ್ಲಿನ ಅಡ್ಡಗೋಡೆ ಕಟ್ಟಿದರೆ, ರಭಸವಾಗಿ ಬಂದ ನೀರು ಅಲ್ಲಿ ಒಂದು ಗಳಿಗೆ ನಿಂತು ತನ್ನ ಮರಳನ್ನೂ ದಪ್ಪ ಮಣ್ಣನ್ನೂ ಬಿಟ್ಟು ಮುಂದೆ ಹೋಗುತ್ತದೆ. ಪ್ರತಿ ಬೇಸಗೆಯಲ್ಲಿಯೂ ಈ ಗುಂಡಿಯನ್ನು ಬರಿದು ಮಾಡಬೇಕು. ನಾಲ್ಕಾರು ದಿನಗಳ ಈ ಕೆಲಸವನ್ನು ತಪ್ಪಿಸಿದ ಊರು ಮುಂದೆ ಕೆರೆಯನ್ನೇ ತೋಡಬೇಕಾಗುತ್ತದೆ. ಮೊದಲ ವರ್ಷ ಗುಂಡಿ ಕಟ್ಟಿಸಿ ಮರುವರ್ಷ ಮರೆತುಬಿಟ್ಟ ಊರುಗಳೇ ಹೆಚ್ಚು; ತುಂಬಿಹೋದ ಗುಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಾಲುವೆ ಸರಿಯಾದ ಮಾತ್ರಕ್ಕೆ ಹಿಂದಿನಷ್ಟು ನೀರು ಬಂದೇ ಬರುತ್ತದೆಂದು ಹೇಳುವಂತಿಲ್ಲ. ಮೇಲಿನ ಹೊಲಗಳಲ್ಲಿ ರೈತರು ಬದು ಹಾಕಿದ್ದಾರೆ, ಕೃಷಿಹೊಂಡಗಳನ್ನು ತೋಡಿದ್ದಾರೆ. ತನ್ನ ಹೊಲದ ಮೇಲೆ ಬಿದ್ದ ಮಳೆಯನ್ನು ತನ್ನ ಹೊಲದಲ್ಲಿಯೇ ನಿಲ್ಲಿಸಿಕೊಂಡವನನ್ನು ಕಳ್ಳನೆನ್ನಲು ಬರುವುದಿಲ್ಲ. ಅವನ ಬದುವಿನಿಂದ ಮಣ್ಣು ಕೊಚ್ಚಿಹೋಗುವುದು ನಿಂತು ಕೆರೆಗೆ ಹೂಳು ಬರುವುದೂ ಕಡಿಮೆಯಾಗುತ್ತದೆ. ಆದರೆ ಹಳ್ಳಕ್ಕೇ ಅಡ್ಡಗಟ್ಟೆ ಹಾಕಿಕೊಂಡವನ ಮಾತು ಬೇರೆ. ಅದು ಎಲ್ಲರ ನೀರು. ಈ ಎರಡರ ನಡುವಣ ಗೆರೆಯನ್ನು ಊರು ಮೊದಲೇ ಎಳೆದುಕೊಳ್ಳದಿದ್ದರೆ ಮಳೆಗಾಲದಲ್ಲಿ ಜಗಳ ತಪ್ಪದು.

ಇನ್ನು ಹೂಳಿನ ಲೆಕ್ಕ. ಒಂದು ಸಾಧಾರಣ ಕೆರೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ನೀರು ನಿಲ್ಲುವ ಅಂಗಳ 20 ಹೆಕ್ಟೇರು ಎಂದೂ, ಅದಕ್ಕೆ ನೀರು ಬರುವ ಪ್ರದೇಶ 500 ಹೆಕ್ಟೇರು ಎಂದೂ ಇಟ್ಟುಕೊಂಡರೆ ಸಾಕು. ಇಡೀ ಅಂಗಳದಿಂದ ಒಂದಡಿ, ಅಂದರೆ 30 ಸೆಂಟಿಮೀಟರು ಹೂಳು ತೆಗೆಯಬೇಕೆಂದು ಊರು ನಿಶ್ಚಯಿಸಿತು. ಒಂದು ಹೆಕ್ಟೇರಿಗೆ 3,000 ಘನಮೀಟರಿನಂತೆ ಅದು 60,000 ಘನಮೀಟರು ಮಣ್ಣಾಯಿತು. ಒಂದು ಟ್ರಾಕ್ಟರಿನ ತೊಟ್ಟಿಗೆ ಹೆಚ್ಚೆಂದರೆ 3 ಘನಮೀಟರು ಹಿಡಿಯುತ್ತದೆ. ಎಂದರೆ 20,000 ಗಾಡಿ ಮಣ್ಣು. ದಿನಕ್ಕೆ 200 ಗಾಡಿ ಹೋದರೂ ಅದು 100 ದಿನಗಳ ಕೆಲಸ. ಒಂದು ಇಡೀ ಬೇಸಗೆ ಹಿಡಿಯುತ್ತದೆ. ಇಷ್ಟು ಮಾಡಿದ ಮೇಲೆ ಸಿಕ್ಕುವುದು 60,000 ಘನಮೀಟರು ನೀರಿಗೆ ಸ್ಥಳ. ನೀರಲ್ಲ, ಸ್ಥಳ. ಭತ್ತದ ಒಂದು ಬೆಳೆಗೆ ಹೆಕ್ಟೇರಿಗೆ ಸುಮಾರು 12,000 ಘನಮೀಟರು ನೀರು ಬೇಕಾಗುವುದರಿಂದ, ಆ ಸ್ಥಳ ಪೂರ್ತಿ ತುಂಬಿದರೂ 5 ಹೆಕ್ಟೇರು ಭತ್ತ ಹೆಚ್ಚಾಗಿ ಬೆಳೆಯಬಹುದು.

ಈಗ ಕಾಲುವೆಯ ಕಡೆ ನೋಡಬೇಕು. ಒಂದು ದಿನ 40 ಮಿಲಿಮೀಟರು ಮಳೆ ಬಿದ್ದಿತೆನ್ನೋಣ. ಒಣನೆಲ ಬಹುಭಾಗವನ್ನು ಕುಡಿದು ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದು ಬಂದರೂ, 500 ಹೆಕ್ಟೇರಿನಿಂದ ಕೆರೆಗೆ 20,000 ಘನಮೀಟರು ನೀರು ಬರುತ್ತದೆ. ವರ್ಷಕ್ಕೆ ಅಂಥ ನಾಲ್ಕು ಮಳೆಗಳಾದರೆ 80,000 ಘನಮೀಟರು. ಆ ಪ್ರದೇಶದ ಅರ್ಧದ ನೀರನ್ನು ತರುವ ಕಾಲುವೆಯೊಂದು ಒಡೆದು ಹೋಗಿದ್ದರೆ ಊರು ಕಳೆದುಕೊಳ್ಳುತ್ತಿರುವುದು 40,000 ಘನಮೀಟರು. ಇದು ಸ್ಥಳವಲ್ಲ, ನೀರೇ. ಒಂದು ವರ್ಷವಲ್ಲ, ಪ್ರತಿ ವರ್ಷ. ಆ ಕಾಲುವೆಯನ್ನು ಸರಿಮಾಡಲು ಕೆಲವು ನೂರು ಗಾಡಿ ಮಣ್ಣು ತೆಗೆದರೆ ಸಾಕಾಗುತ್ತದೆ. ಆಳಗಳ ಸರಾಸರಿ ಒಂದೂವರೆ ಮೀಟರಿನಷ್ಟಿದ್ದರೂ ಈ ಕೆರೆ 3 ಲಕ್ಷ ಘನಮೀಟರು ಹಿಡಿಯುತ್ತದೆ. ಬರುತ್ತಿರುವ ನೀರು ಅದರ ಕಾಲುಭಾಗವನ್ನೂ ಮುಟ್ಟದಿರುವಾಗ ಪಾತ್ರೆಯನ್ನು ದೊಡ್ಡದು ಮಾಡುವುದರಲ್ಲಿ ಏನು ಅರ್ಥವಿದೆ? ಕೋಡಿ ಬೀಳದ ಕೆರೆಗೆ ಹೂಳು ಮುಖ್ಯ ರೋಗವಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಕೆರೆ ಎಷ್ಟು ಸಲ ಕೋಡಿ ಬಿದ್ದಿದೆಯೆಂದು ಕೇಳಿದರೆ ಯಾವ ಕೆಲಸ ಮೊದಲೆಂಬುದು ತಾನಾಗಿಯೇ ತಿಳಿಯುತ್ತದೆ.

ಹಾಗಾದರೆ ಹೂಳು ತೆಗೆಯಲೇಬಾರದೆ? ತೆಗೆಯಬೇಕು, ಆದರೆ ಅಂಗಳವನ್ನೆಲ್ಲ ಕೆರೆಯಬೇಕಾಗಿಲ್ಲ. ಹೂಳು ತುಂಬಿದ ಕೆರೆ ತಟ್ಟೆಯಂತೆ ಅಗಲವಾಗಿ, ತೆಳುವಾಗಿ ಹರಡಿಕೊಂಡಿರುತ್ತದೆ. ಬೇಸಗೆಯ ಬಿಸಿಲು ದಿನಕ್ಕೆ 6 ಮಿಲಿಮೀಟರಿನಷ್ಟು ನೀರನ್ನು ಆವಿಯಾಗಿ ಎಳೆದುಕೊಂಡರೂ, ಹೆಕ್ಟೇರೊಂದಕ್ಕೆ ದಿನವೂ 60 ಘನಮೀಟರು ನೀರು ಆಕಾಶಕ್ಕೆ ಹೋಗುತ್ತದೆ. ಅಂಗಳದ ಒಂದು ಭಾಗವನ್ನು ಮಾತ್ರ ಆಳ ಮಾಡಿದರೆ ಉಳಿದ ನೀರು ಅಲ್ಲಿ ಕೂಡಿ, ಬಿಸಿಲಿಗೆ ಒಡ್ಡಿಕೊಳ್ಳುವ ಮೈ ಕಡಿಮೆಯಾಗಿ, ಏಪ್ರಿಲ್ ತಿಂಗಳಿನವರೆಗೂ ದನಕರುಗಳಿಗೆ ನೀರು ಸಿಕ್ಕುತ್ತದೆ. ತೂಬಿನ ತಳಮಟ್ಟಕ್ಕಿಂತ ಕೆಳಗೆ ತೋಡಿದಲ್ಲಿ ನಿಂತ ನೀರು ತೂಬಿನಿಂದ ಗದ್ದೆಗೆ ಹರಿಯುವುದಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ಅದು ದನಗಳಿಗೆ, ಮೀನಿಗೆ, ಸುತ್ತಲಿನ ಬಾವಿಗಳಿಗೆ, ಅಚ್ಚುಕಟ್ಟಿಗಲ್ಲ. ಹೆಚ್ಚು ಆಳ ಮಾಡಿದರೆ ಹೆಚ್ಚು ಗದ್ದೆ ಬೆಳೆಯುತ್ತದೆಂಬ ಆಸೆಯನ್ನು ರೈತರಲ್ಲಿ ಹುಟ್ಟಿಸುವವರು ಈ ಮಾತನ್ನು ಹೇಳುವುದಿಲ್ಲ.

ಹೂಳೆಲ್ಲ ಒಂದೇ ಬಗೆಯದಲ್ಲ. ಕಾಲುವೆಯ ಬಾಯಲ್ಲಿ ನೀರಿನ ವೇಗ ತಗ್ಗಿದೊಡನೆ ಭಾರವಾದ ಮರಳು ಮೊದಲು ಕೆಳಗೆ ಕೂರುತ್ತದೆ. ನಯವಾದ ಮಣ್ಣು ನೀರಿನಲ್ಲಿ ತೇಲುತ್ತ ಬಹುದೂರ ಸಾಗಿ ಏರಿಯ ಹತ್ತಿರ, ತೂಬಿನ ಮುಂದೆ ನಿಧಾನವಾಗಿ ಇಳಿಯುತ್ತದೆ. ರೈತರು ಗೋಡು ಎಂದು ಕರೆದು ಆಸೆಪಡುವುದು ಈ ನಯವಾದ ಕಪ್ಪು ಮಣ್ಣನ್ನೇ. ನೀರು ನಿಲ್ಲದ ಕೆಂಪು ಮರಳುಮಣ್ಣಿನ ಹೊಲಕ್ಕೆ ಇದನ್ನು ಹಾಕಿದರೆ ಹೊಲ ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಮಳೆ ಎರಡು ವಾರ ಕೈಕೊಟ್ಟಾಗ ಗೋಡು ಹಾಕಿದ ಹೊಲದ ರಾಗಿ ಹಸುರಾಗಿಯೇ ಇರುವುದನ್ನು ಆ ಸೀಮೆಯ ರೈತರು ಬಲ್ಲರು. ಒಂದು ಎಕರೆಗೆ ಒಂದಂಗುಲ ದಪ್ಪ ಹರಡಲು ಸುಮಾರು 100 ಘನಮೀಟರು, ಅಂದರೆ 33 ಗಾಡಿ ಬೇಕು. ಅದನ್ನು ಬೇಸಗೆಯಲ್ಲಿಯೇ ಹೊಲಕ್ಕೆ ಸಾಗಿಸಿ, ಹೆಂಟೆಗಳು ಬಿಸಿಲಿಗೆ ಸಿಡಿದು ಮೊದಲ ಮಳೆಗೆ ಕರಗಿದ ಮೇಲೆ ಉಳುಮೆ ಮಾಡಬೇಕು. ಮೊದಲೇ ಜಿಗುಟಾಗಿರುವ ಕಪ್ಪು ಭೂಮಿಗೆ ಇದರಿಂದ ಲಾಭವಿಲ್ಲ. ಒಣಗಿದ ಹೂಳಿನ ಮೇಲೆ ಬಿಳಿಯ ಉಪ್ಪು ಕಾಣಿಸಿದರೆ ಅದು ಸೌಳು. ಅದನ್ನು ಹೊಲಕ್ಕೆ ಒಯ್ಯಬಾರದು.

ತೊಡಕು ಇರುವುದು ಇಲ್ಲಿಯೇ. ಅತ್ಯುತ್ತಮವಾದ ಗೋಡು ದೊರೆಯುವುದು ಏರಿಯ ಬುಡದಲ್ಲಿ. ಎಂದೂ ಮುಟ್ಟಬಾರದ ಜಾಗವೂ ಏರಿಯ ಬುಡವೇ. ಆ ನಯವಾದ ಮಣ್ಣು ವರ್ಷ ವರ್ಷವೂ ಪದರ ಪದರವಾಗಿ ಕೂತು, ಏರಿಯ ತಳದಲ್ಲಿ ನೀರು ನುಸುಳದಂತೆ ಬೆಸುಗೆಯ ಹಾಗೆ ಮುಚ್ಚಿರುತ್ತದೆ. ಅದನ್ನು ಕಿತ್ತರೆ, ಕೆರೆ ತುಂಬಿದ ರಾತ್ರಿ ಏರಿಯ ಆಚೆಯ ಬುಡದಲ್ಲಿ ಮೊದಲು ತೇವ, ಆಮೇಲೆ ಜಿನುಗು, ಆಮೇಲೆ ಕೆಸರು ನೀರು ಕಾಣಿಸಿಕೊಳ್ಳುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಹೆದರಬೇಕಾದದ್ದು ಕಡಿಮೆ. ಅದು ಬಗ್ಗಡವಾಗಿ ಬರತೊಡಗಿತೆಂದರೆ ನೀರು ಏರಿಯ ಒಳಮಣ್ಣನ್ನು ಹೊತ್ತು ತರುತ್ತಿದೆಯೆಂದೇ ಅರ್ಥ. ತಡಮಾಡಿದರೆ ಏರಿ ಉಳಿಯದು. ಆದುದರಿಂದ ಏರಿಯ ಬುಡದಿಂದ ಕಡಿಮೆಯೆಂದರೆ ಹತ್ತು ಹದಿನೈದು ಮೀಟರು ದೂರವನ್ನು ಬಿಟ್ಟು, ಅಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿ, ಅದರಾಚೆಗೆ ಮಾತ್ರ ಅಗೆಯಬೇಕು. ಏರಿ ಎತ್ತರವಾದಷ್ಟೂ ದೂರ ಹೆಚ್ಚಬೇಕು.

ಎಷ್ಟು ಆಳಕ್ಕೆ ಅಗೆಯಬೇಕೆಂಬುದನ್ನು ಯಂತ್ರ ಬರುವ ಮೊದಲೇ ತಿಳಿದುಕೊಳ್ಳಬಹುದು. ಅಂಗಳದ ನಾಲ್ಕೈದು ಕಡೆ ಹಾರೆಯಿಂದ ಆಳುದ್ದದ ಗುಂಡಿಗಳನ್ನು ತೆಗೆದು ನೋಡಿದರೆ, ಮೇಲೆ ಪದರ ಪದರವಾದ ಹೂಳೂ ಅದರ ಕೆಳಗೆ ಕೆರೆ ಕಟ್ಟಿದ ಕಾಲದ ಮೂಲನೆಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಹೂಳಿನ ಪದರ ಮುಗಿದಲ್ಲಿಗೆ ಕೆಲಸ ಮುಗಿಯಬೇಕು. ಅದನ್ನೂ ದಾಟಿ ಗರಸು ಕಾಣುವವರೆಗೆ ಅಗೆದರೆ ಕೆರೆ ಸೋರತೊಡಗುತ್ತದೆ. ಬಾವಿಗಳಿಗೆ ನೀರು ಏರುತ್ತದೆಂದು ಇದನ್ನು ಕೆಲವರು ಒಳ್ಳೆಯದೆನ್ನುತ್ತಾರೆ. ತೂಬಿನ ನೀರನ್ನು ನಂಬಿದವನಿಗೆ ಅದು ಸಮಾಧಾನದ ಮಾತಲ್ಲ. ಇಟ್ಟಿಗೆಯ ಗೂಡುಗಳಿಗೆ ಮಣ್ಣು ಒಯ್ಯುವವರು ಇಂಥ ಕಟ್ಟಳೆಯನ್ನು ಪಾಲಿಸುವುದಿಲ್ಲ. ಅವರು ಕಡಿದಾದ ಗುಂಡಿಗಳನ್ನು ಮಾಡಿ ಹೋಗುತ್ತಾರೆ. ಮಳೆಗಾಲದಲ್ಲಿ ನೀರು ಒಂದೇ ಸಮನಾಗಿ ಕಾಣುವುದರಿಂದ ಆ ಗುಂಡಿಗಳಲ್ಲಿ ಮಕ್ಕಳೂ ದನಗಳೂ ಮುಳುಗುತ್ತವೆ. ಅಗೆದ ಅಂಚುಗಳೆಲ್ಲ ದನ ಇಳಿದು ಹತ್ತುವಷ್ಟು ಓರೆಯಾಗಿರಬೇಕು.

ಹೂಳು ತೆಗೆಯುವ ತೊಂದರೆಯೇ ಬೇಡ, ಕೋಡಿಯನ್ನು ಎರಡು ಅಡಿ ಎತ್ತರಿಸಿದರೆ ಅಷ್ಟೇ ನೀರು ನಿಲ್ಲುತ್ತದೆಂದು ಹೇಳುವವರೂ ಇದ್ದಾರೆ. ಇದಕ್ಕಿಂತ ಅಪಾಯದ ಸಲಹೆ ಬೇರೊಂದಿಲ್ಲ. ಕೋಡಿ ಏರಿದರೆ ಮೇಲಿನವರ ಹೊಲಗಳು ಮುಳುಗುತ್ತವೆ. ಏರಿಯ ನೆತ್ತಿಗೂ ನೀರಿಗೂ ಇರುವ ಅಂತರ ಕಡಿಮೆಯಾಗಿ, ದೊಡ್ಡ ಮಳೆಯಲ್ಲಿ ನೀರು ಏರಿಯನ್ನೇ ಹಾಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹಾಯ್ದರೆ ಅದು ಒಡೆದಂತೆಯೇ. ಕೆರೆಗಳು ಸರಣಿಯಲ್ಲಿರುವುದರಿಂದ ಮೇಲಿನದು ಒಡೆದರೆ ಅದರ ನೀರೆಲ್ಲ ಒಟ್ಟಾಗಿ ಕೆಳಗಿನದರ ಮೇಲೆ ಬೀಳುತ್ತದೆ. 1903ರ ನವೆಂಬರಿನಲ್ಲಿ ಮೈಸೂರು ಸೀಮೆಯಲ್ಲಿ ಕೆರೆ ಒಡೆದು, ಪಾಲಾರ್ ನದಿ ಉಕ್ಕಿ, ಕೆಳಗಿನ ವಾಣಿಯಂಬಾಡಿ ಪಟ್ಟಣ ಹಾಳಾಯಿತು. ನೂರಾರು ಜನ ಸತ್ತರು. ಕೋಡಿಯ ಕಲ್ಲನ್ನು ಎತ್ತರಿಸುವ ಮೊದಲು ಕೆಳಗಿರುವ ಊರನ್ನು ನೆನೆಯಬೇಕು. ಕೋಡಿಗೆ ಮಾಡಬೇಕಾದ ಉಪಚಾರವೆಂದರೆ ಅದರ ಮುಂದಿನ ಹಳ್ಳವನ್ನು ಬಿಡಿಸಿಡುವುದಷ್ಟೆ.

ಇಷ್ಟೆಲ್ಲ ಕೆಲಸವನ್ನು ಹಿಂದಿನವರು ಹೇಗೆ ನಡೆಸಿಕೊಂಡು ಬಂದರು? ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿದವನಿಗೂ ನೋಡಿಕೊಳ್ಳುವವನಿಗೂ ಅಚ್ಚುಕಟ್ಟಿನಲ್ಲಿಯೇ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುತ್ತಿದ್ದ ಏರ್ಪಾಟುಗಳು ಅವು. ಕೆರೆಯ ಖರ್ಚು ಕೆರೆಯ ನೀರಿನಿಂದಲೇ ಹುಟ್ಟಬೇಕೆಂಬುದು ಅದರ ಗುಟ್ಟು. ದಿನದಿನದ ಕೆಲಸ ನೀರುಗಂಟಿಯದು. ತೂಬು ತೆಗೆಯುವುದು, ಮುಚ್ಚುವುದು, ಗದ್ದೆ ಗದ್ದೆಗೂ ಸರದಿಯಂತೆ ನೀರು ತಿರುಗಿಸುವುದು, ಕಾಲುವೆಯಲ್ಲಿ ಕಸ ಕಟ್ಟದಂತೆ ನೋಡುವುದು ಅವನ ಪಾಲಿಗೆ ಬಂದಿತ್ತು. ಕೊಯ್ಲಿನಲ್ಲಿ ಪ್ರತಿ ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿತ್ತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯತಿಗಳಿಗಾಗಿಯೇ ಒಂದು ಕಾನೂನನ್ನು ಮಾಡಿತು.

ಆ ಹಳೆಯ ವ್ಯವಸ್ಥೆಯನ್ನು ಸುಮ್ಮನೆ ಹೊಗಳುವುದು ನ್ಯಾಯವಲ್ಲ. ಅನೇಕ ಕಡೆ ನೀರುಗಂಟಿ ಒಂದು ಅಂಗೈಯಗಲ ಗದ್ದೆಯೂ ಇಲ್ಲದವನು. ಊರಿನ ನೀರನ್ನೆಲ್ಲ ಹಂಚಿದ ಅವನೇ ಊರಿನ ಬಾವಿಯನ್ನು ಮುಟ್ಟುವಂತಿರಲಿಲ್ಲ. ಮಣ್ಣು ಹೊತ್ತವರು ಬಿಟ್ಟಿಯಾಗಿ ಹೊತ್ತರು, ನೀರು ಗದ್ದೆಯುಳ್ಳವರಿಗೆ ಹೋಯಿತು. ವಂಶಪಾರಂಪರ್ಯವಾದ ಗ್ರಾಮದ ಹುದ್ದೆಗಳನ್ನು 1961ರ ಕಾಯಿದೆ ರದ್ದುಮಾಡಿದ್ದು ಸರಿಯೇ ಆಯಿತು. ಆದರೆ ಹುದ್ದೆ ಹೋದಾಗ ಆ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಅದೇ ಕಾಲಕ್ಕೆ ಬಾವಿಗೆ ಪಂಪು, ಆಮೇಲೆ ಕೊಳವೆಬಾವಿ ಬಂದವು. ತನ್ನ ಗದ್ದೆಗೆ ತನ್ನದೇ ನೀರು ಸಿಕ್ಕಿದವನು ಕಾಲುವೆಯ ಕಡೆ ತಿರುಗಿ ನೋಡುವುದನ್ನು ಬಿಟ್ಟನು. ಅವನ ಕೊಳವೆಬಾವಿಗೆ ನೀರು ಇಳಿಯುತ್ತಿದ್ದುದು ಆ ಕೆರೆಯಿಂದಲೇ ಎಂಬುದು ಕೆರೆ ಒಣಗಿ, ಬಾವಿ ಬತ್ತಿದ ಮೇಲೆ ತಿಳಿಯಿತು.

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಕೆರೆಗಳ ಪುನಶ್ಚೇತನದ ದೊಡ್ಡ ಯೋಜನೆಯೊಂದು ಆರಂಭವಾದಾಗ, ಪ್ರತಿ ಕೆರೆಗೂ ಬಳಕೆದಾರರ ಸಂಘವನ್ನು ಕಟ್ಟುವ ಕ್ರಮ ಬಂದಿತು. ಕ್ರಮ ಒಳ್ಳೆಯದೇ. ಆದರೆ ಕಾಮಗಾರಿ ನಡೆಯುವಾಗ ಸಂಘದ ಸಭೆಗೆ ಜನ ಸೇರುವುದು ಸುಲಭ. ಕಾಮಗಾರಿ ಮುಗಿದ ಮೂರನೆಯ ವರ್ಷ, ಹೂಳುಗುಂಡಿಯನ್ನು ಬರಿದು ಮಾಡುವ ದಿನ ಎಷ್ಟು ಜನ ಬರುತ್ತಾರೆಂಬುದೇ ಪರೀಕ್ಷೆ. ಆ ದಿನದ ಕೂಲಿಗೆ ಹಣ ಎಲ್ಲಿಂದ ಬರಬೇಕೆಂಬುದನ್ನು ಮೊದಲೇ ಗೊತ್ತುಮಾಡದ ಸಂಘ ಹೆಸರಿಗಷ್ಟೇ ಉಳಿಯುತ್ತದೆ. ಮೀನು ಹಿಡಿಯುವ ಹಕ್ಕಿನ ಹಣ ಒಂದು ದಾರಿ. ಅದರಲ್ಲೊಂದು ಪಾಲು ಕೆರೆಗೇ ಮರಳಬೇಕು. ಅಚ್ಚುಕಟ್ಟಿನ ರೈತರು ಎಕರೆಗೆ ಇಷ್ಟೆಂದು ಕೊಡುವುದು ಇನ್ನೊಂದು. ಇದುವರೆಗೆ ಬಹುತೇಕ ಎಲ್ಲರೂ ಬಿಟ್ಟುಬಿಟ್ಟಿರುವವರು ಕೊಳವೆಬಾವಿಯ ಒಡೆಯರು. ತೂಬಿನ ನೀರಿನಲ್ಲಿ ಬೆಳೆಯುವವನು ವಂತಿಗೆ ಕೊಟ್ಟು, ಅದೇ ಕೆರೆಯ ನೀರನ್ನು ನೆಲದೊಳಗಿನಿಂದ ಎತ್ತುವವನು ಕೊಡದಿರುವುದು ಯಾವ ನ್ಯಾಯ? ಕೆರೆಯ ಆಸುಪಾಸಿನ ಬಾವಿಗಳನ್ನೂ ಸಂಘದ ಪಟ್ಟಿಗೆ ಸೇರಿಸಬೇಕು. ಗದ್ದೆಯಿಲ್ಲದ ಮನೆಗಳಿಂದ ಬಿಟ್ಟಿ ದುಡಿಮೆ ಕೇಳಬಾರದು. ಅವರಿಗೆ ಕೂಲಿ ಕೊಡಬೇಕು, ದನಕ್ಕೆ ನೀರು ಕೇಳುವ ಅವರ ಹಕ್ಕನ್ನು ಸಭೆಯ ಪುಸ್ತಕದಲ್ಲಿ ಬರೆದಿಡಬೇಕು.

ಸಂಘದ ನಿಜವಾದ ಪರೀಕ್ಷೆ ಕೆರೆ ತುಂಬಿದ ವರ್ಷವಲ್ಲ, ಅರ್ಧ ತುಂಬಿದ ವರ್ಷ. ಅಂಥ ವರ್ಷ ನವೆಂಬರಿನಲ್ಲಿಯೇ ಏರಿಯ ಮೇಲೆ ಸಭೆ ಸೇರಿ, ತೂಬಿನ ಕಲ್ಲುಕಂಬದ ಮೇಲೆ ನೀರು ಎಷ್ಟನೆಯ ಗುರುತಿನಲ್ಲಿದೆಯೆಂದು ನೋಡಿ, ಈ ಸಲ ಭತ್ತವಿಲ್ಲವೆಂದು ನಿಶ್ಚಯಿಸಬೇಕಾಗುತ್ತದೆ. ಭತ್ತಕ್ಕೆ ಬೇಕಾಗುವ ನೀರಿನ ಅರ್ಧಕ್ಕಿಂತ ಕಡಿಮೆ ನೀರಿನಲ್ಲಿ ರಾಗಿ ಬರುತ್ತದೆ. ತೂಬಿನ ಹತ್ತಿರದ ಗದ್ದೆಯವನು ನಿಶ್ಚಯವನ್ನು ಮುರಿದು ಭತ್ತದ ಸಸಿಮಡಿ ಮಾಡಿದರೆ ಕೊನೆಯ ಗದ್ದೆಯವನ ರಾಗಿ ಒಣಗುತ್ತದೆ. ಅವನು ಮರುವರ್ಷ ಕಾಲುವೆಯ ಕೆಲಸಕ್ಕೆ ಬರುವುದಿಲ್ಲ. ಕೆರೆ ಮತ್ತೆ ಹಾಳಾಗುವುದು ಬಹುಮಟ್ಟಿಗೆ ಆ ಒಂದು ಸಸಿಮಡಿಯಿಂದಲೇ. ಹೂಳು ಬರುವುದು ಆಮೇಲೆ.

ಪಾಳುಬಿದ್ದ ಕೆರೆಗೆ ಕಾಲದ ಒಂದು ಗಡುವೂ ಇದೆ. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳು ನದಿನೀರಿನ ವಿಷಯದಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಾಳುಬಿದ್ದ ಕೆರೆಯನ್ನು ಹೊಸ ಕೆರೆಯೆಂದೇ ಎಣಿಸಿದ್ದರು. ಅಂದು ಅದನ್ನು ಬರೆದವರ ಉದ್ದೇಶ ಬೇರೆಯಾಗಿದ್ದರೂ ಹಳ್ಳಿಗೂ ಆ ಲೆಕ್ಕ ಹೊಂದುತ್ತದೆ. ಮೂವತ್ತು ವರ್ಷ ನೀರು ಹರಿಯದ ಕಾಲುವೆಯ ಮೇಲೆ ಮನೆ ಏಳುತ್ತದೆ, ತೆಂಗಿನ ಸಸಿ ಫಲಕ್ಕೆ ಬರುತ್ತದೆ, ನೀರು ಎಲ್ಲಿ ತಿರುಗುತ್ತಿತ್ತೆಂದು ಬಲ್ಲ ಮುದುಕ ಇರುವುದಿಲ್ಲ. ಆಗ ನಕ್ಷೆಯನ್ನು ಬಿಚ್ಚಿದವರಿಗೆ ಕಾಗದದ ಮೇಲೆ ಎರಡು ತೆಳುಗೆರೆಗಳು ಕಾಣುತ್ತವೆ. ನೆಲದ ಮೇಲೆ ಅವು ಯಾರ ಹಿತ್ತಿಲಲ್ಲಿವೆಯೆಂದು ಕೇಳಲು ಊರಿನಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ.